ಸುಲಭದ ಪ್ರಶ್ನೆಗೆ ಬೋಣಿ

ನನಗೆ ಸಾಫ್ಟ್‌ವೇರ್ ಮೇಲೆ ಪ್ರೀತಿ ಗೀತಿ ಏನೂ ಇರಲಿಲ್ಲ. ನನಗೆ ಬೇಕಿದ್ದದ್ದು ಒಂದು ತಿರುಗುವ ಕುರ್ಚಿ. ಈಗ ಹೀಗೆಂದರೆ ಕೇಳಿದವರು ನಗುತ್ತಾರೆ. ಆಗ ಅಂದಿದ್ದರೆ ಮನೆಯಲ್ಲಿ ಬೆನ್ನಿಗೆ ಬೀಳುತ್ತಿತ್ತು. ಆ ದಿನಗಳಲ್ಲಿ ನಗರದ ಅಂಚಿನ ಮಣಿಕೊಂಡದ ಕಡೆ ಹೋದರೆ ಬಂಡೆಗೆ ಮದ್ದಿಟ್ಟು ಸಿಡಿಸಿದ ಧೂಳು ಇಳಿಯುವುದರೊಳಗೆ ಅಲ್ಲೊಂದು ಗಾಜಿನ ಕಟ್ಟಡ ಎದ್ದು ನಿಂತಿರುತ್ತಿತ್ತು. ಬಸ್ಸಿನ ಕಿಟಕಿಯಿಂದ ನೋಡಿದರೆ ಒಳಗೆ ನನ್ನ ವಯಸ್ಸಿನವರು ಕುರ್ಚಿಯಲ್ಲಿ ಕೂತು ಅರ್ಧ ಸುತ್ತು ತಿರುಗಿ ಹಿಂದಿನವರ ಜೊತೆ ಮಾತಾಡಿ ಮತ್ತೆ ಅರ್ಧ ಸುತ್ತು ತಿರುಗುತ್ತಿದ್ದರು. ಅದಕ್ಕೆ ಸಂಬಳ ಬೇರೆ ಕೊಡುತ್ತಾರಂತೆ!

ನಮ್ಮ ವಂಶದಲ್ಲಿ ಕೂತು ದುಡಿದವರೇ ಇಲ್ಲ. ಅಪ್ಪ ಬಾಲಾನಗರದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಮುಂದೆ ಇಡೀ ದಿನ ನಿಲ್ಲುತ್ತಿದ್ದ. ಬೀದರ ಕಡೆಯಿಂದ ಅಪ್ಪನ ಹಿಂದೆಯೇ ಬಂದ ನನ್ನ ಸೋದರಮಾವ, ನಾವು ಮಾಮಾ ಅನ್ನುವವನು, ಸುಲ್ತಾನ್ ಬಜಾರಿನಲ್ಲಿ ಸೀರೆ ಫಾಲು, ಒಳಪದರದ ಅಸ್ತರು, ಮ್ಯಾಚಿಂಗ್ ಬ್ಲೌಸ್ ಪೀಸಿನ ಅಂಗಡಿ ಇಟ್ಟಿದ್ದ, ಅವನೂ ನಿಲ್ಲುವವನೇ. ಕೂತು ದುಡಿದದ್ದು ಅಂದರೆ ನಮ್ಮ ಅಜ್ಜಿ ಒಬ್ಬಳು. ಕೂತಲ್ಲಿಂದಲೇ ಎಲ್ಲರನ್ನೂ ದುಡಿಸುತ್ತಿದ್ದಳು.

ನಾನು ಬಿ.ಎಸ್ಸಿ. ಮುಗಿಸಿ ಎರಡು ಕಂಪನಿಗಳ ಪರೀಕ್ಷೆ ಬರೆದಿದ್ದೆ. ಎರಡೂ ನನ್ನನ್ನು ನಯವಾಗಿ ಬೀದಿಗೆ ಕಳಿಸಿದ್ದವು. ಮೂರನೆಯದು ಬಾಕಿ ಇತ್ತು, ಮತ್ತು ಅದೇ ಕೊನೆಯದು. ಆ ವರ್ಷ ಪಾಸಾದವರನ್ನು ಮಾತ್ರ ಅವರು ತಗೊಳ್ಳುವುದು. ವರ್ಷ ಕಳೆಯಿತೋ, ನಾನು ಹಳೇ ಸ್ಟಾಕು. ಈ ಸಂಗತಿ ಮಾಮಾನಿಗೆ ಚೆನ್ನಾಗಿ ಗೊತ್ತಿತ್ತು. ಸ್ಟಾಕಿನ ವಿಚಾರ ಅವನಿಗಲ್ಲದೆ ಇನ್ಯಾರಿಗೆ ಗೊತ್ತಾಗಬೇಕು?

“ಪರೀಕ್ಷಾ ಗಿರೀಕ್ಷಾ ಬರದಿ, ಆತಲ್ಲವಾ? ಸೋಮವಾರದಿಂದ ಅಂಗಡಿಗಿ ಬಾ. ನಿನಗ ಲೆಕ್ಕಾ ಭಾಳ ಛೊಲೋ ಬರ್ತಾವ,” ಅಂದ.

“ಶನಿವಾರ ಇನ್ನೊಂದ ಐತಿ ಮಾಮಾ.”

“ಅದನೂ ಬರಿ. ಯಾರ ಬ್ಯಾಡ ಅಂತಾರ? ಶನಿವಾರ ಬರಿ, ಐತವಾರ ಮಲಕೋ, ಸೋಮವಾರ ಬಾ.”

ಮಾಮಿ ಒಳಗಿನಿಂದಲೇ ಒಗ್ಗರಣೆ ಹಾಕಿದಳು: “ಕೌಂಟರಿನ್ಯಾಗ ನಿಂತ್ರ ನಾಕ ಮಂದಿ ಹೆಣ್ಮಕ್ಕಳು ನೋಡ್ತಾರ. ಯಾರದಾರ ಮಗನ ಜೋಡಿ ಅಲ್ಲೇ ಒಂದ ಸಂಬಂಧನೂ ಕುದರ್ತೈತಿ.”

ಅಂದರೆ ಬ್ಲೌಸ್ ಪೀಸಿನ ಜೊತೆ ನನ್ನನ್ನೂ ಮ್ಯಾಚಿಂಗಿಗೆ ಇಡುವ ಯೋಜನೆ. ಅಪ್ಪ ಏನಾದರೂ ಅಂದಾನು ಎಂದು ನೋಡಿದೆ. ಅಪ್ಪ ಚಹಾದ ಬಸಿಯನ್ನೇ ನೋಡುತ್ತಿದ್ದ. ನಮ್ಮ ಮನೆಯಲ್ಲಿ ಅದಕ್ಕೆ ಒಪ್ಪಿಗೆ ಅಂತ ಅರ್ಥ.

ಶನಿವಾರ ಬೆಳಿಗ್ಗೆ ಅಜ್ಜಿ ಅಂಗೈಗೆ ಮೊಸರು ಸಕ್ಕರೆ ಹಾಕಿದಳು. “ಬಿರುಸು ಇದ್ದದ್ದ ಮೊದಲ ಮುಗಸು. ಹಗರ ಇದ್ದದ್ದಕ್ಕ ಕೈಕಾಲ ಇರ್ತಾವ, ತಾನೇ ಬರ್ತೈತಿ,” ಅಂದಳು. ಇದು ಪರೀಕ್ಷೆಗಾಗಿ ಹೊಸದಾಗಿ ಹೇಳಿದ್ದಲ್ಲ. ನಮ್ಮ ಮನೆಯ ಊಟದ ಕಾನೂನೇ ಅದು. ತಾಟಿನಲ್ಲಿ ಹಾಗಲಕಾಯಿ ಇದ್ದರೆ ಮೊದಲು ಹಾಗಲಕಾಯಿ. ಅದು ಖಾಲಿಯಾಗದೆ ಹೋಳಿಗೆಗೆ ಕೈ ಹೋಯಿತೋ, ಅಜ್ಜಿಯ ಕೈ ನನ್ನ ಕೈಮೇಲೆ. ಬಿಟ್ಟು ಏಳುವುದಂತೂ ಮಹಾಪಾಪ. ಇಪ್ಪತ್ತು ವರ್ಷ ಹೀಗೆ ಉಂಡು ಬೆಳೆದ ಹುಡುಗಿ ಕಂಪ್ಯೂಟರಿನ ಮುಂದೆ ಹೋಗಿ ಕೂತರೆ ಏನಾಗಬೇಕೋ ಅದೇ ಆಯಿತು.

ಪರೀಕ್ಷೆ ಇದ್ದದ್ದು ಗುಡ್ಡದ ಮೇಲಿನ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ. ಎರಡು ಬಸ್ಸು ಬದಲಿಸಿ ಹೋದೆ. ಸಾಲಿನಲ್ಲಿ ನನ್ನ ಹಿಂದೆ ಮೈಸೂರಿನ ಹುಡುಗಿಯೊಬ್ಬಳು ನಿಂತಿದ್ದಳು. ನಾನು ಬಸ್ಸಿನವನನ್ನು ಕನ್ನಡದಲ್ಲಿ ಬೈದುಕೊಂಡದ್ದು ಅವಳ ಕಿವಿಗೆ ಬಿದ್ದಿತ್ತು.

“ನೀವು ಕನ್ನಡದವ್ರಾ?” ಎಂದು ಹಿಗ್ಗಿದಳು. “ನಂಗಂತೂ ಕೈಕಾಲೆಲ್ಲ ನಡುಗ್ತಿದೆ ಕಣ್ರೀ. ನೀವು ಆರಾಮಾಗಿದೀರಲ್ಲ?”

“ನಂದೂ ನಡಗಾಕತ್ತೈತ್ರಿ. ಸೀರಿ ಉಟ್ಟಿಲ್ಲಲ್ಲ, ನಿರಗಿ ಅಲಗ್ಯಾಡೂದು ಕಾಣಂಗಿಲ್ಲ ಅನಕೊಂಡಿದ್ದೆ,” ಎಂದೆ. ಅವಳಿಗೆ ಅರ್ಥವಾಯಿತೋ ಇಲ್ಲವೋ, ನಕ್ಕಳು.

ಒಳಗೆ ಎ.ಸಿ. ಹಾಕಿ ನಮ್ಮನ್ನು ತರಕಾರಿ ತರಹ ತಂಪಾಗಿಟ್ಟಿದ್ದರು. ಮೇಲ್ವಿಚಾರಣೆಗೆ ತೆಲುಗಿನ ತರುಣನೊಬ್ಬ ಇದ್ದ. ಕೊರಳಲ್ಲಿ ಗುರುತಿನ ಚೀಟಿ, ಬಾಯಲ್ಲಿ ಸೋಂಪು. ಎಲ್ಲರಿಗೂ ಒಂದೊಂದು ಬಿಳಿ ಹಾಳೆ ಕೊಟ್ಟ, ಗೀಚಿ ಲೆಕ್ಕ ಮಾಡಲಿಕ್ಕೆ. ಹೋಗುವಾಗ ವಾಪಸ್ ಕೊಡಬೇಕು. ಪರದೆಯ ಮೇಲೆ ಸೂಚನೆಗಳು ಉದ್ದಕ್ಕೆ ಬಂದವು: ಒಂದು ಗಂಟೆ, ಐವತ್ತು ಪ್ರಶ್ನೆ, ಮೊದಲು ಗಣಿತ, ನಂತರ ತರ್ಕ, ಕೊನೆಗೆ ಇಂಗ್ಲಿಷ್, ಯಾವ ಭಾಗಕ್ಕೆ ಬೇಕಾದರೂ ಯಾವಾಗ ಬೇಕಾದರೂ ಹೋಗಬಹುದು, ಸರಿ ಉತ್ತರಕ್ಕೆ ಒಂದು ಅಂಕ, ತಪ್ಪಿಗೆ ಕಾಲು ಅಂಕ ಕಡಿತ, ಬಿಟ್ಟರೆ ಏನೂ ಇಲ್ಲ. ಅದರ ಕೆಳಗೆ ಬಣ್ಣಗಳ ವಿಚಾರ ಏನೋ ಇತ್ತು. ಬಸ್ ಟಿಕೆಟಿನ ಹಿಂಭಾಗವನ್ನು ಎಷ್ಟು ಶ್ರದ್ಧೆಯಿಂದ ಓದುತ್ತೇವೋ ಅಷ್ಟೇ ಶ್ರದ್ಧೆಯಿಂದ ಓದಿ, ‘ಓದಿದ್ದೇನೆ’ ಎಂಬ ಡಬ್ಬಿಗೆ ಟಿಕ್ ಹಾಕಿದೆ.

ಪ್ರಶ್ನೆಗಳು ಎಲ್ಲರಿಗೂ ಅವೇ ಇದ್ದರೂ ಪಕ್ಕದವರದನ್ನು ನೋಡಿ ಬರೆಯಬಾರದೆಂದು ಪ್ರತಿ ಭಾಗದೊಳಗೆ ಒಬ್ಬೊಬ್ಬರಿಗೆ ಒಂದೊಂದು ಅನುಕ್ರಮದಲ್ಲಿ ಕಲಸಿ ಕೊಟ್ಟಿದ್ದರು. ನನ್ನ ಪಾಲಿಗೆ ಮೊದಲು ಬಂದದ್ದು ತೊಟ್ಟಿ.

ಒಂದು ತೊಟ್ಟಿ. ಮೊದಲನೆಯ ನಲ್ಲಿ ಒಂದೇ ಬಿಟ್ಟರೆ ಹನ್ನೆರಡು ಗಂಟೆಯಲ್ಲಿ ತುಂಬುತ್ತದೆ, ಎರಡನೆಯದು ಒಂದೇ ಬಿಟ್ಟರೆ ಹದಿನೈದರಲ್ಲಿ. ಎರಡನ್ನೂ ಒಟ್ಟಿಗೆ ಬಿಟ್ಟರು. ಎರಡು ಗಂಟೆ ಆದಮೇಲೆ, ತುಂಬಿದ ತೊಟ್ಟಿಯನ್ನು ಹತ್ತು ಗಂಟೆಯಲ್ಲಿ ಖಾಲಿ ಮಾಡುವ ಮೂರನೆಯ ನಲ್ಲಿಯನ್ನೂ ತೆರೆದರು. ತೊಟ್ಟಿ ಒಟ್ಟು ಎಷ್ಟು ಗಂಟೆಯಲ್ಲಿ ತುಂಬುತ್ತದೆ?

ನಮ್ಮ ಬಾಲಾನಗರದ ಓಣಿಯಲ್ಲಿ ನೀರು ದಿನ ಬಿಟ್ಟು ದಿನ ಬರುತ್ತಿತ್ತು. ತುಂಬುವ ತೊಟ್ಟಿಯ ಕೆಳಗಿನ ನಲ್ಲಿ ತೆರೆದವನನ್ನು ಓಣಿಯ ಹೆಂಗಸರು ಜೀವಂತ ಬಿಡುತ್ತಿರಲಿಲ್ಲ. ಯಾರು ಈ ದರಿದ್ರ ಮನುಷ್ಯ, ಇವನಿಗೆ ಮನೆಯಲ್ಲಿ ಹೇಳುವವರು ಕೇಳುವವರು ಇಲ್ಲವೇ ಎಂಬ ಸಿಟ್ಟಿನಲ್ಲಿ ಮೊದಲ ಎರಡು ನಿಮಿಷ ಹೋದವು. ಆಮೇಲೆ ಹಾಳೆಯ ಮೇಲೆ ಹನ್ನೆರಡು ಬರೆದೆ. ಹದಿನೈದು ಬರೆದೆ. ಕೂಡಿಸಬೇಕೋ ಭಾಗಿಸಬೇಕೋ ಹೊಳೆಯಲಿಲ್ಲ. ಮತ್ತೆ ಓದಿದೆ. ಕಣ್ಣು ಓದುತ್ತಿತ್ತು, ತಲೆ ಬಾಗಿಲು ತೆಗೆಯಲಿಲ್ಲ. ಮೂರನೆಯ ನಲ್ಲಿಗೆ ಬರುವಷ್ಟರಲ್ಲಿ ಮೊದಲನೆಯದು ಮರೆತು ಹೋಗುತ್ತಿತ್ತು.

ಪರದೆಯ ಬಲಮೂಲೆಯಲ್ಲಿ ಗಡಿಯಾರ ಹಿಂದಕ್ಕೆ ಎಣಿಸುತ್ತಿತ್ತು. ಒಮ್ಮೆ ಅದರ ಮೇಲೆ ಕಣ್ಣು ಬಿದ್ದದ್ದೇ ತಡ, ಮುಗಿಯಿತು. ಒಂದು ಸಾಲು ಓದುವುದು, ಗಡಿಯಾರ ನೋಡುವುದು. ಗಡಿಯಾರ ನೋಡಿದ್ದರಿಂದ ಓದಿದ್ದು ಮರೆಯುವುದು. ಮರೆತದ್ದರಿಂದ ಮತ್ತೆ ಓದುವುದು. ಬೆರಳುಗಳು ಮರಗಟ್ಟಿದವು. ಬಿಟ್ಟು ಮುಂದಿನ ಪ್ರಶ್ನೆಗೆ ಹೋಗಬಹುದು ಎಂದು ಸೂಚನೆಯಲ್ಲಿ ಬರೆದಿತ್ತಲ್ಲ, ನನಗೆ ಅದು ಕಂಡಿರಲಿಲ್ಲ ಅಂತೇನಲ್ಲ. ಆದರೆ ಹಾಗಲಕಾಯಿ ಬಿಟ್ಟು ಹೋಳಿಗೆಗೆ ಕೈ ಹಾಕುವುದು ಹೇಗೆ? ಕೈಯೇ ಏಳಲಿಲ್ಲ.

ಮೇಲ್ವಿಚಾರಕ ಬಂದು, ಏನಾಯಿತು ಎಂದು ಬಗ್ಗಿ ನೋಡಿದ. “ಏಮಯ್ಯಿಂದಮ್ಮಾ? ಸಿಸ್ಟಮ್ ಹ್ಯಾಂಗ್ ಅಯ್ಯಿಂದಾ?”

“ಸಿಸ್ಟಮ್ ಬಾಗುಂದಣ್ಣಾ,” ಎಂದೆ, ಸಿಸ್ಟಮ್ ಚೆನ್ನಾಗೇ ಇದೆ ಅಂತ. “ನೇನೇ ಹ್ಯಾಂಗ್.” ನಿಂತುಹೋದದ್ದು ನಾನೇ.

ಅವನು ಸೋಂಪು ಅಗಿಯುವುದನ್ನು ನಿಲ್ಲಿಸಿ ಗಂಭೀರವಾಗಿ ಯೋಚಿಸಿದ. “ದಾನಿಕಿ ಮಾ ದಗ್ಗರ ಬಟನ್ ಲೇದಮ್ಮಾ,” ಅಂದ. ಅದಕ್ಕೆ ನಮ್ಮ ಹತ್ತಿರ ಗುಂಡಿ ಇಲ್ಲ ತಾಯಿ. ಹೇಳಿ ಮುಂದಿನ ಸಾಲಿಗೆ ಹೋದ.

ಗಡಿಯಾರ ನಲವತ್ತೊಂದು ನಿಮಿಷ ತೋರಿಸುತ್ತಿತ್ತು. ಹತ್ತೊಂಬತ್ತು ನಿಮಿಷ ಕೊಟ್ಟು ನಾನು ಗಳಿಸಿದ್ದು ಒಂದು ಹಾಳೆಯ ಮೇಲೆ ಎರಡು ಸಂಖ್ಯೆ. ಇನ್ನೇನು, ಸೋಮವಾರ ಅಂಗಡಿಯೇ ಗತಿ ಅನ್ನಿಸಿತು. ಅನ್ನಿಸಿದ್ದೇ ತಡ ಅಂಗಡಿಯ ಬೆಳಗು ಕಣ್ಣ ಮುಂದೆ ಬಂತು. ಅದೂ ಕಳೆದ ದಸರೆಯ ಹೊತ್ತಿನ ಒಂದು ಬೆಳಗು. ನಾನು ಕೈಯಾಸರೆಗೆ ಹೋಗಿದ್ದೆ.

ಶಟರ್ ಎತ್ತುವುದಕ್ಕೂ ಒಬ್ಬಳು ಗಟ್ಟಿ ಹೆಂಗಸು ರೇಷ್ಮೆ ಸೀರೆ ಹಿಡಿದು ಒಳಗೆ ಬರುವುದಕ್ಕೂ ಸರಿಹೋಗಿತ್ತು. ಅವಳಿಗೆ ಬೇಕಿದ್ದ ಹಸಿರು ಗಿಳಿಯದಲ್ಲ, ಎಲೆಯದಲ್ಲ, ನವಿಲಿನದೂ ಅಲ್ಲ. ಮಾಮಾ ಕಪಾಟಿನಿಂದ ಬಟ್ಟೆಯ ಥಾನುಗಳನ್ನು ಇಳಿಸಿದ, ಬಿಚ್ಚಿದ, ಬೆಳಕಿಗೆ ಹಿಡಿದ. ಕೊನೆಗೆ ಅವನಿಗೆ ಹಸಿರು ಯಾವುದು ನೀಲಿ ಯಾವುದು ಎಂಬುದೇ ತಿಳಿಯದೆ ಬೆವರು ಒರೆಸಿಕೊಳ್ಳುತ್ತ ನಿಂತ. ಬಾಗಿಲಲ್ಲಿ ನಾಲ್ಕು ಜನ ಕಾಯುತ್ತಿದ್ದರು. ಬೋಣಿಯೇ ಆಗಿಲ್ಲ. ಬೋಣಿ ಆಗದೆ ಮಾಮಾನಿಗೆ ನೀರೂ ಇಳಿಯುವುದಿಲ್ಲ. ದಿನದ ಮೊದಲ ವ್ಯಾಪಾರ ಎಷ್ಟು ಚಿಕ್ಕದಾದರೂ ಸರಿ, ಆಗಬೇಕು. “ಅಕ್ಕಾ, ಕುಂದರ್ರಿ, ಒಂದ ಕಪ್ ಚಾ ಕುಡೀರಿ,” ಎಂದು ಆ ಹೆಂಗಸನ್ನು ಕೂರಿಸಿ, ಬಾಗಿಲಲ್ಲಿದ್ದವರಿಗೆ ಕೈ ಮಾಡಿ ಕರೆದ. ಒಬ್ಬರಿಗೆ ಹುಕ್ಕು, ಒಬ್ಬರಿಗೆ ದಾರದುಂಡೆ, ಇನ್ನೊಬ್ಬರಿಗೆ ಕರಿ ಅಸ್ತರು. ಕೈ ಚುರುಕಾಯಿತು, ಮಾತು ಬಂತು, ಒಂದೆರಡು ಜೋಕೂ ಬಂದವು. ಆಮೇಲೆ ತಿರುಗಿ ಅದೇ ರಾಶಿಯಿಂದ ಒಂದು ತುಂಡು ಎಳೆದು ಸೀರೆಯ ಮೇಲಿಟ್ಟ. ಅದೇ ಹಸಿರು. ಮೊದಲಿಂದ ಅಲ್ಲೇ ಬಿದ್ದಿತ್ತು.

ಈ ಅಂಗಡಿಯಿಂದ ತಪ್ಪಿಸಿಕೊಳ್ಳಲಿಕ್ಕೇ ನಾನು ಇಲ್ಲಿ ಬಂದು ಕೂತದ್ದು. ಆದರೂ ಆ ಹೊತ್ತಿಗೆ ನನಗೆ ಬೇಕಾದದ್ದು ಹುಕ್ಕು ಕೇಳುವ ಗಿರಾಕಿ ಎಂಬುದು ಹೊಳೆಯಿತು. ಬೋಣಿ ಆಗಬೇಕು, ಅಷ್ಟೇ.

ಕಣ್ಣು ಮುಚ್ಚಿ ಉಸಿರು ಬಿಟ್ಟೆ. ಎಡಗೈಯಿಂದ ಗಡಿಯಾರ ಮರೆ ಮಾಡಿಕೊಂಡೆ. ಪರದೆಯ ಬದಿಯಲ್ಲಿ ಒಂದರಿಂದ ಐವತ್ತರವರೆಗೆ ಸಂಖ್ಯೆಗಳ ಚೌಕಗಳಿದ್ದವು. ಯಾವುದನ್ನು ಒತ್ತಿದರೆ ಆ ಪ್ರಶ್ನೆಗೆ ಹೋಗಬಹುದು. ಇಂಗ್ಲಿಷಿನ ಮೊದಲ ಚೌಕ ಒತ್ತಿದೆ. ಖಾಲಿ ಜಾಗ ತುಂಬುವ ಪ್ರಶ್ನೆ. ‘ಅವಳು ಗಣಿತದಲ್ಲಿ ಜಾಣೆ’ ಎಂಬರ್ಥದ ಇಂಗ್ಲಿಷ್ ವಾಕ್ಯದಲ್ಲಿ ‘ಗುಡ್’ ಆದಮೇಲೆ ಏನು ಬರಬೇಕು? ಯಾವ ಪುಣ್ಯಾತ್ಮ ಈ ವಾಕ್ಯ ಆರಿಸಿದನೋ! ಅಷ್ಟು ಅವಮಾನದಲ್ಲೂ ನಗು ಬಂತು. ‘ಅಟ್’ ಎಂದು ಒತ್ತಿದೆ. ಮುಂದಿನ ಚೌಕ, ವಿರುದ್ಧ ಪದ. ಗೊತ್ತು. ಅದರ ಮುಂದಿನದು, ತಪ್ಪಿರುವ ಭಾಗ ಗುರುತಿಸಿ. ಗೊತ್ತು. ಹೀಗೆ ಆರೇಳು ಮಾಡುವಷ್ಟರಲ್ಲಿ ಬೆರಳಿಗೆ ರಕ್ತ ವಾಪಸ್ ಬಂದಿತ್ತು.

ಖುಷಿಯಿಂದ ಚೌಕಗಳ ಕಡೆ ನೋಡಿದರೆ, ನಾನು ಮುಟ್ಟಿದ್ದೆಲ್ಲ ಕೆಂಪಾಗಿ ಕೂತಿದೆ.

ಆಗ ನೆನಪಾಯಿತು ಬಣ್ಣಗಳ ಪುರಾಣ. ಬಿಳಿ ಎಂದರೆ ನೋಡಿಯೇ ಇಲ್ಲ, ಕೆಂಪು ಎಂದರೆ ನೋಡಿಯೂ ಉತ್ತರ ಕೊಟ್ಟಿಲ್ಲ, ಹಸಿರು ಎಂದರೆ ಉತ್ತರ ಸೇರಿದೆ, ನೇರಳೆ ಎಂದರೆ ಮತ್ತೆ ನೋಡಲು ಇಟ್ಟದ್ದು. ಉತ್ತರ ಆರಿಸಿದರೆ ಸಾಲದು, ಕೆಳಗಿನ ‘ಸೇವ್’ ಗುಂಡಿ ಒತ್ತಬೇಕು. ನಾನು ಒತ್ತದೆ ಚೌಕದಿಂದ ಚೌಕಕ್ಕೆ ಹಾರಿದ್ದೆ. ಸಾಮಾನು ಕೊಟ್ಟು ದುಡ್ಡು ತಗೊಳ್ಳದೆ ಗಿರಾಕಿಯನ್ನು ಕಳಿಸಿದ ಹಾಗೆ. ಐದು ನಿಮಿಷ ಹಿಂದೆ ಹೀಗಾಗಿದ್ದರೆ ಅಲ್ಲೇ ಅಳುತ್ತಿದ್ದೆ. ಈಗ ಬರೀ ಒಂದು ಬೈಗುಳ ಬಂತು, ಬೀದರದ್ದು, ಬರೆಯುವಂಥದ್ದಲ್ಲ. ಹಿಂದಕ್ಕೆ ಹೋಗಿ ಒಂದೊಂದನ್ನೂ ಮತ್ತೆ ಒತ್ತಿ ಸೇವ್ ಮಾಡಿದೆ. ಉತ್ತರ ಗೊತ್ತಿದ್ದವೇ ಆದ್ದರಿಂದ ಹೆಚ್ಚು ಹೊತ್ತು ಹಿಡಿಯಲಿಲ್ಲ. ಒಂದು ಹಸಿರಾಯಿತು. ಇನ್ನೊಂದು ಹಸಿರಾಯಿತು. ಆ ಬಣ್ಣ ನೋಡುವುದೇ ಒಂದು ಔಷಧ.

ಇಂಗ್ಲಿಷ್ ಮುಗಿಸಿ ತರ್ಕಕ್ಕೆ ಹೋದೆ. ಅಲ್ಲೂ ಹಗುರಾದ್ದನ್ನೇ ಹುಡುಕಿದೆ. ಎರಡು, ಆರು, ಹನ್ನೆರಡು, ಇಪ್ಪತ್ತು, ಮುಂದೇನು? ನಾಲ್ಕು, ಆರು, ಎಂಟು ಎಂದು ಅಂತರ ಏರುತ್ತಿದೆ, ಮುಂದೆ ಹತ್ತು, ಅಂದರೆ ಮೂವತ್ತು. ಸೇವ್. ಒಬ್ಬ ಉತ್ತರಕ್ಕೆ ಹೋಗಿ ಬಲಕ್ಕೆ ತಿರುಗಿ ಮತ್ತೆ ಬಲಕ್ಕೆ ತಿರುಗಿದ. ಈಗ ಮುಖ ಯಾವ ಕಡೆ? ದಕ್ಷಿಣ, ಹೋಗಪ್ಪ. ಎಂಟು ಜನ ದುಂಡು ಮೇಜಿನ ಸುತ್ತ ಕೂತಿದ್ದಾರೆ, ಇವನು ಅವಳ ಎಡಕ್ಕೆ ಮೂರನೆಯವನು, ಅವಳು ಇವನ ಎದುರಿಗಿಲ್ಲ. ಇಂಥ ಒಂದು ಸಂಸಾರ ಬಂತು, ಅದರ ಮೇಲೆ ನಾಲ್ಕು ಪ್ರಶ್ನೆ. ಎಂಟು ಜನ ಮೇಜಿನ ಸುತ್ತ ಕೂತು ಒಬ್ಬರೂ ಊಟ ಮಾಡುವುದಿಲ್ಲ! ನೇರಳೆ ಗುರುತು ಹಾಕಿ, “ಕುಂದರ್ರಿ, ಚಾ ಕುಡೀರಿ,” ಎಂದು ಬಿಟ್ಟೆ. ಎರಡು ಸಲ ಓದಿದರೂ ದಾರಿ ಕಾಣದಿದ್ದರೆ ನೇರಳೆ. ಅಲ್ಲಿಂದ ಅದೇ ನನ್ನ ಕಾನೂನು.

ಗಣಿತಕ್ಕೆ ವಾಪಸ್ ಬಂದಾಗ ಅದು ಬೇರೆಯದೇ ಭಾಗದಂತೆ ಕಂಡಿತು. ಬೆಲೆಯನ್ನು ಶೇಕಡ ಇಪ್ಪತ್ತು ಏರಿಸಿ ಆಮೇಲೆ ಶೇಕಡ ಇಪ್ಪತ್ತು ರಿಯಾಯಿತಿ ಕೊಟ್ಟರೆ ಏನಾಗುತ್ತದೆ? ಸುಲ್ತಾನ್ ಬಜಾರಿನ ಅರ್ಧ ಬೋರ್ಡುಗಳು ಇದೇ. ನೂರಕ್ಕೆ ನೂರಿಪ್ಪತ್ತು, ಅದರಲ್ಲಿ ಇಪ್ಪತ್ನಾಲ್ಕು ಹೋಗಿ ತೊಂಬತ್ತಾರು, ನಾಲ್ಕು ಕಮ್ಮಿ. ಸರಾಸರಿ, ಅನುಪಾತ, ರೈಲಿನ ವೇಗ, ಒಂದೊಂದಾಗಿ ಬಂದವು. ಎರಡನೆಯ ಸುತ್ತಿನಲ್ಲಿ ನೇರಳೆಗಳನ್ನು ಎತ್ತಿಕೊಂಡೆ. ಅರ್ಧದಷ್ಟು ಬಾಗಿಲು ತೆರೆದವು.

ಕಡೆಗೆ ತೊಟ್ಟಿ. ಈ ಸಲ ಸಿಟ್ಟು ಬರಲಿಲ್ಲ. ಹನ್ನೆರಡು, ಹದಿನೈದು, ಹತ್ತು, ಈ ಮೂರರಿಂದಲೂ ಭಾಗವಾಗುವ ಸಂಖ್ಯೆ ಅರವತ್ತು. ತೊಟ್ಟಿಗೆ ಅರವತ್ತು ಕೊಡ ಹಿಡಿಯುತ್ತದೆ ಎಂದುಕೊಂಡೆ. ಮೊದಲನೆಯ ನಲ್ಲಿ ಗಂಟೆಗೆ ಐದು ಕೊಡ, ಎರಡನೆಯದು ನಾಲ್ಕು. ಎರಡು ಗಂಟೆಯಲ್ಲಿ ಹದಿನೆಂಟು ಕೊಡ. ಉಳಿದದ್ದು ನಲವತ್ತೆರಡು. ಆಮೇಲೆ ಆ ದರಿದ್ರದವನು ಗಂಟೆಗೆ ಆರು ಕೊಡ ಹೊರಗೆ ಬಿಡುತ್ತಾನೆ. ಒಂಬತ್ತರಲ್ಲಿ ಆರು ಹೋಗಿ ಮೂರು. ನಲವತ್ತೆರಡಕ್ಕೆ ಹದಿನಾಲ್ಕು ಗಂಟೆ. ಹದಿನಾಲ್ಕು ಎಂಬ ಉತ್ತರವೂ ಅಲ್ಲಿ ಬಾಯಿ ತೆರೆದು ಕಾಯುತ್ತಿತ್ತು. ಮೊದಲಿನ ಎರಡು ಗಂಟೆ ಸೇರಿಸಿ ಹದಿನಾರು. ಸೇವ್. ಒಂದೂವರೆ ನಿಮಿಷವೂ ಆಗಿರಲಿಲ್ಲ.

ಗಡಿಯಾರ ಕೆಂಪಾಯಿತು, ಕೊನೆಯ ಐದು ನಿಮಿಷ. ಹೊಸದಾಗಿ ಏನನ್ನೂ ಶುರು ಮಾಡಲಿಲ್ಲ. ಉಳಿದವುಗಳಲ್ಲಿ ಎರಡು ಪ್ರಶ್ನೆಗಳಿಗೆ, ಕೊಟ್ಟ ನಾಲ್ಕು ಉತ್ತರಗಳಲ್ಲಿ ಎರಡು ಖಂಡಿತ ತಪ್ಪೆಂದು ಗೊತ್ತಿತ್ತು. ಮಿಕ್ಕ ಎರಡರಲ್ಲಿ ಒಂದಕ್ಕೆ ಧೈರ್ಯ ಮಾಡಿದೆ. ದುಂಡು ಮೇಜಿನವರ ಬಗ್ಗೆ ನನಗೆ ತೃಣವೂ ತಿಳಿದಿರಲಿಲ್ಲ. ಪ್ರಶ್ನೆಗೆ ಕಾಲು ಅಂಕದಂತೆ ಕೈಯಿಂದ ಕೊಟ್ಟು ಬರುವ ಬದಲು ಅವರನ್ನು ಹಾಗೆಯೇ ಉಪವಾಸ ಕೂರಿಸಿದೆ. ಗಡಿಯಾರ ಸೊನ್ನೆಗೆ ಬಂತು, ಪರದೆ ತಾನಾಗಿ ಮುಚ್ಚಿ ‘ಧನ್ಯವಾದ’ ಎಂದಿತು. ಅಂಕ ಗಿಂಕ ಏನೂ ತೋರಿಸಲಿಲ್ಲ.

ಕ್ಯಾಂಟೀನಿನಲ್ಲಿ ಕಾಯಿಸಿದರು. ಮೈಸೂರಿನ ಹುಡುಗಿ ಇಡ್ಲಿ ಹಿಡಿದು ಬಂದು ಪಕ್ಕದಲ್ಲಿ ಕೂತಳು. ನಾನು ತೊಟ್ಟಿಯ ಜೊತೆ ಮಾಡಿದ ಯುದ್ಧವನ್ನು ಉಪ್ಪು ಖಾರ ಹಚ್ಚಿ ಹೇಳಿದೆ.

“ಹತ್ತೊಂಬತ್ತು ನಿಮಿಷಾನಾ?” ಎಂದು ಬಾಯಿ ಬಿಟ್ಟಳು. “ಆ ತೊಟ್ಟೀನ ನಾನು ನೋಡ್ದೆ, ಬಿಟ್ಟೆ ಕಣ್ರೀ. ಯಾರದೋ ತೊಟ್ಟಿ, ನಂಗ್ಯಾಕೆ?”

“ಬಿಟ್ಟಿದ್ದಕ್ಕ ಮನಸಿಗಿ ಏನೂ ಅನಸಲಿಲ್ಲೇನ್ರಿ?”

“ಏನನ್ನಿಸ್ಬೇಕು?” ಎಂದು ನನ್ನ ಮುಖ ನೋಡಿದಳು. ಅವರ ಮನೆಯಲ್ಲಿ ಹಾಗಲಕಾಯಿ ಮಾಡುತ್ತಿರಲಿಲ್ಲವೋ ಏನೋ.

ಮಧ್ಯಾಹ್ನ ಒಬ್ಬ ಮೇಡಂ ಬಂದು ಪಾಸಾದವರ ನಂಬರುಗಳನ್ನು ಓದಿದರು. ಪಕ್ಕದವಳದು ಬಂತು. ಆಮೇಲೆ ಬಹಳ ಹೊತ್ತು ಬೇರೆ ಯಾರ್ಯಾರದೋ ಬಂದವು. ನಾನು ಇಡ್ಲಿಯ ತಟ್ಟೆಯನ್ನೇ ನೋಡುತ್ತಿದ್ದೆ, ಥೇಟ್ ಅಪ್ಪ ಬಸಿ ನೋಡಿದ ಹಾಗೆ. ಆಗ ಮೈಸೂರಿನವಳು ಮೊಣಕೈಯಿಂದ ತಿವಿದು, “ಏಳ್ರೀ, ನಿಮ್ಮದೇ!” ಅಂದಳು. ಮೇಲಿನ ಮಹಡಿಯಲ್ಲಿ ಇಬ್ಬರು ಸಂದರ್ಶನ ಮಾಡಿದರು. ಹೆಚ್ಚೇನೂ ಕೇಳಲಿಲ್ಲ, ಪರೀಕ್ಷೆಯೇ ಮುಖ್ಯ ಜರಡಿ, ಇದು ಮುಖ ನೋಡುವ ಶಾಸ್ತ್ರ. ಸಂಜೆಯ ಮೊದಲೇ, ಆಯ್ಕೆಯಾಗಿದ್ದೀರಿ ಎಂದರು.

ಮನೆಗೆ ಹೋಗುವ ಬಸ್ಸು ಬಿಟ್ಟು ಸುಲ್ತಾನ್ ಬಜಾರಿನ ಬಸ್ಸು ಹತ್ತಿದೆ. ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ, ಮದುವೆ ಸೀಸನ್ನು. ಹೆಂಗಸರ ತಲೆಗಳ ಮೇಲಿಂದ ಕೂಗಿದೆ: “ಮಾಮಾ, ಆತು! ನೌಕರಿ ಸಿಕ್ತು!”

ಮಾಮಾ ಕತ್ತರಿ ಹಿಡಿದು ಹಾಗೇ ನಿಂತ. ಮುಖದಲ್ಲಿ ಮೊದಲು ಹಿಗ್ಗು ಬಂತು, ಅದರ ಹಿಂದೆಯೇ ಇನ್ನೊಂದು ಏನೋ ಬಂತು.

“ಹಂಗಾರ ಸೋಮವಾರ?”

“ಬರಂಗಿಲ್ಲ ಮಾಮಾ.”

“ಛೊಲೋ ಆತ ಬಿಡವಾ. ಭಾಳ ಛೊಲೋ ಆತು,” ಎಂದ. ಎದುರಿನ ಗಿರಾಕಿಗೆ, “ನಮ್ಮ ಅಕ್ಕನ ಮಗಳ್ರಿ, ಕಂಪ್ಯೂಟರ್ ಕಂಪನಿ,” ಎಂದು ಹೇಳಿ ಕಣ್ಣು ಒರೆಸಿಕೊಂಡ. ಆಮೇಲೆ ನನ್ನ ಕಡೆ ತಿರುಗಿ ದನಿ ಏರಿಸಿದ. “ಸೋಮವಾರದ್ದು ಇರಲಿ. ಇವತ್ತ ಇದ್ದೀಯಲ್ಲ? ಏನ್ ನಿಂತ ನೋಡಾಕತ್ತಿ? ಮ್ಯಾಲಿನ ಬಿಳಿ ಅಸ್ತರಿನ ಥಾನ ಇಳಸು!”

ಹಾಲ್ ಟಿಕೆಟನ್ನು ಕಮೀಜಿನೊಳಗೆ ಸಿಕ್ಕಿಸಿ, ದುಪಟ್ಟಾ ಸೊಂಟಕ್ಕೆ ಬಿಗಿದು, ಸ್ಟೂಲು ಹತ್ತಿದೆ.